ಅಪ್‌ಡೇಟ್: ಇಬ್ಬರ ಸಂದರ್ಶನ ಉದ್ದ ಚೌಕಟ್ಟಿಗೆ ಕೂತಿತು

ನನ್ನ ಪ್ರಶ್ನೆ: "ಅಕ್ಕಪಕ್ಕ ಕೂತ ಇಬ್ಬರ ಸಂದರ್ಶನ 16:9ರಲ್ಲಿದೆ. ರೀಲ್ಸ್, ಶಾರ್ಟ್ಸ್‌ಗೆ 9:16 ಮಾಡಿದರೆ ಒಬ್ಬರೇ ಉಳಿಯುತ್ತಾರೆ, ಮುಖವೂ ಮಸುಕು. ಏನು ಮಾಡಲಿ?"

ಮಸುಕಿಗೆ ಕಾರಣ ಸಿಕ್ಕಿತು. ಮೂಲ ಫೈಲ್ 4ಕೆ (3840×2160) ಆಗಿದ್ದರೂ ಕತ್ತರಿಸಿದ್ದು 1920×1080ಕ್ಕೆ ಇಳಿಸಿದ ಪ್ರತಿಯನ್ನು. ಅದರಲ್ಲಿ 9:16 ಪಟ್ಟಿಗೆ ಸಿಗುವ ಅಗಲ ಸುಮಾರು 608 ಪಿಕ್ಸೆಲ್ ಮಾತ್ರ. ಅದನ್ನು 1080ಕ್ಕೆ ಎಳೆದರೆ ಮುಖ ಕದಡಲೇಬೇಕು. 4ಕೆಯಲ್ಲಿ ಅದೇ ಪಟ್ಟಿ 1215 ಪಿಕ್ಸೆಲ್, ಎಳೆಯುವ ಅಗತ್ಯವೇ ಇಲ್ಲ.

ಆದರೂ ಆ ಪಟ್ಟಿ ಮೂಲ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಇಬ್ಬರು ಹಿಡಿಸುವುದಿಲ್ಲ. ಹಾಗಾಗಿ 1080×1920 ಟೈಮ್‌ಲೈನ್‌ನಲ್ಲಿ ಮೂಲ ಕ್ಲಿಪ್ಪನ್ನು ಎರಡು ಪದರಗಳಲ್ಲಿಟ್ಟು, ಒಬ್ಬೊಬ್ಬರನ್ನೂ 9:8 ಅನುಪಾತಕ್ಕೆ ಕತ್ತರಿಸಿ, 1080×960 ಗಾತ್ರದಲ್ಲಿ ಮೇಲೊಬ್ಬರು, ಕೆಳಗೊಬ್ಬರು ಎಂದು ಜೋಡಿಸಿದೆ. ಕತ್ತರಿಸುವ ಭಾಗ ಮೂಲದಲ್ಲಿ 1080 ಪಿಕ್ಸೆಲ್‌ಗಿಂತ ಕಿರಿದಾದರೆ ಮಸುಕು ಮರಳುತ್ತದೆ. ಇಬ್ಬರ ಕಣ್ಣುಗಳೂ ತಮ್ಮ ತಮ್ಮ ಅರ್ಧದಲ್ಲಿ ಒಂದೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಜೋಡಣೆ ವಕ್ರವಾಗಿ ಕಾಣುತ್ತದೆ.

ಅಕ್ಷರಗಳನ್ನು ಇಬ್ಬರ ನಡುವಿನ ಗೆರೆಯ ಮೇಲೆ ಹಾಕಿದೆ. ತೀರಾ ಕೆಳಗಿಟ್ಟರೆ ಆ್ಯಪ್‌ನ ಶೀರ್ಷಿಕೆ, ಬಟನ್‌ಗಳು ಮುಚ್ಚಿಬಿಡುತ್ತವೆ.