ಪದ ಬೇಕು: ‘ಆನ್ಯುಟಿ ಫ್ಯಾಕ್ಟರ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆ ಪ್ರೆಸ್ಸಿಗೆ)

ಶೈಲಜಾ:
ಎಲ್ಲರಿಗೂ ನಮಸ್ಕಾರ. ಜಮೀನು ಗುತ್ತಿಗೆಗೆ ಕೊಡುವ ರೈತರಿಗಾಗಿ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಕೈಪಿಡಿಯ ಉದಾಹರಣೆ ಹೀಗಿದೆ. ಮೂರು ಎಕರೆಯನ್ನು ಸೋಲಾರ್ ಕಂಪನಿಗೆ 20 ವರ್ಷಕ್ಕೆ ಕೊಡಬೇಕು. ಕಂಪನಿ ವರ್ಷಕ್ಕೆ 60,000 ಕೊಡುತ್ತದೆ, ಇಪ್ಪತ್ತೂ ವರ್ಷ ಅಷ್ಟೇ. ಬೇಡವೆಂದರೆ ಇವತ್ತೇ ಒಂದೇ ಸಲಕ್ಕೆ 6 ಲಕ್ಷ. ಯಾವುದು ಜಾಸ್ತಿ? ಬಡ್ಡಿ ನೂರಕ್ಕೆ 8 ಅಂತ ಹಿಡಿದಿದ್ದಾರೆ. ಮೊದಲು ಇಪ್ಪತ್ತು ಸಾಲಿನ ಪಟ್ಟಿ ಹಾಕಿ, ಒಂದೊಂದು ವರ್ಷದ ಹಣಕ್ಕೂ ಇವತ್ತಿನ ಬೆಲೆ ಕಟ್ಟಿ ಕೂಡಿದ್ದಾರೆ. ಆಮೇಲೆ ಅಷ್ಟೆಲ್ಲ ಬೇಡ, ಇದೊಂದು ಸಂಖ್ಯೆಯಿಂದ ಗುಣಿಸಿದರೆ ಸಾಕು ಅಂತಾರೆ:

```
(1 - 1.08^-20) / 0.08 = 9.818
60000 x 9.818 = 589080
```

ಈ 9.818ಕ್ಕೇ ಪದ ಬೇಕಾಗಿರುವುದು. ನಾನು ‘ವರ್ಷಾಶನ ಗುಣಾಂಕ’ ಅಂತ ಬರೆದು ಊರಲ್ಲಿ ಒಬ್ಬ ಹಿರಿಯರಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಹಾಳೆ ಕೆಳಗಿಟ್ಟು, “ಇದು ಮಠಕ್ಕೆ ಕೊಡೋದಲ್ವೇನಮ್ಮಾ?” ಅಂದರು.

ವೆಂಕಟರಮಣ ಭಟ್:
ಆ ಹಿರಿಯರು ಸರಿಯಾಗೇ ಕೇಳಿದ್ದಾರೆ. ದೇವಸ್ಥಾನಕ್ಕೆ, ಮಠಕ್ಕೆ, ವಿದ್ವಾಂಸರಿಗೆ ವರ್ಷಕ್ಕೊಮ್ಮೆ ಗೊತ್ತಾದ ಮೊತ್ತ ಕೊಡುತ್ತಿದ್ದದ್ದೇ ವರ್ಷಾಶನ. ಪ್ರತಿ ವರ್ಷ, ಅಷ್ಟೇ ಮೊತ್ತ. ಇದಕ್ಕಿಂತ ಒಳ್ಳೆಯ ಪದ ಸಿಗುವುದಿಲ್ಲ. ಆದರೆ ದಯವಿಟ್ಟು ‘ವರ್ಷಾಸನ’ ಅಂತ ಅಚ್ಚು ಹಾಕಿಸಬೇಡಿ. ಕಚೇರಿ ಕಾಗದಗಳಲ್ಲಿ ಆ ರೂಪ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ವರ್ಷ + ಅಶನ. ಅಶನ ಅಂದರೆ ಊಟ. ಅನಶನ, ಅನ್ನಪ್ರಾಶನ ಎಲ್ಲದರಲ್ಲೂ ಇರುವುದು ಅದೇ. ಕೂರುವ ಆಸನಕ್ಕೂ ಇದಕ್ಕೂ ಸಂಬಂಧವಿಲ್ಲ.

ಗುರುಬಸವ:
ವರ್ಷವೂ ಸಂಸ್ಕೃತ, ಅಶನವೂ ಸಂಸ್ಕೃತ, ಗುಣಾಂಕವೂ ಸಂಸ್ಕೃತ. ಓದುವವರು ರೈತರು. ನಮ್ಮಲ್ಲಿ ಇಮ್ಮಡಿ, ಮುಮ್ಮಡಿ, ನೂರ್ಮಡಿ ಇಲ್ಲವೇ? ‘ಮಡಿ’ ಅಂದರೇ ಇಷ್ಟು ಪಟ್ಟು. ‘ಕಂತುಮಡಿ’ ಅನ್ನಿ. “ಈ ಗುತ್ತಿಗೆಯ ಕಂತುಮಡಿ 9.818.” ಮುಗಿಯಿತು.

ವೆಂಕಟರಮಣ ಭಟ್:
ಮಡಿ ಅಂದರೆ ಜನ ಒದ್ದೆಬಟ್ಟೆ ನೆನೆಸಿಕೊಳ್ಳುತ್ತಾರೆ. ನಡೆಯುವುದಿಲ್ಲ.

ರಾಮಚಂದ್ರ:
ನನ್ನ ಅನುಭವ ಹೇಳುತ್ತೇನೆ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ವಿಮಾ ಕಂಪನಿಗೆ ಕಟ್ಟಿ ಆನ್ಯುಟಿ ತೆಗೆದುಕೊಂಡೆ. ನಾನು ಬದುಕಿರುವವರೆಗೆ ತಿಂಗಳು ತಿಂಗಳು ಬರುತ್ತದೆ. ಪಿಂಚಣಿ ಅಂತಲೇ ಹಾಕಿ, ಎಲ್ಲರಿಗೂ ಅರ್ಥವಾಗುತ್ತದೆ. ಈ 20 ವರ್ಷ ಎಲ್ಲಿಂದ ಬಂತು ಅಂತ ಮಾತ್ರ ತಿಳಿಯಲಿಲ್ಲ.

ಮಂಜುನಾಥ:
ಇಷ್ಟು ಕಷ್ಟ ಯಾಕೆ? 60,000ವನ್ನು 0.08ರಿಂದ ಭಾಗಿಸಿ. 7.5 ಲಕ್ಷ. 20 ವರ್ಷ ಅಂದರೆ ಬಹಳ ಕಾಲ, ಲೆಕ್ಕ ಹತ್ತಿರ ಹತ್ತಿರ ಬರುತ್ತದೆ. 6 ಲಕ್ಷ ತಗೊಂಡರೆ ಮೋಸ ಹೋದ ಹಾಗೆ. ಪದವೂ ಬೇಡ, ಸೂತ್ರವೂ ಬೇಡ.

ಸುಮಂಗಲಾ:
ಮಂಜುನಾಥ ಅವರೇ, ಅರ್ಧ ದಾರಿ ಬಂದು ನಿಂತಿದ್ದೀರಿ. 7.5 ಲಕ್ಷ ಅನ್ನುವುದು ಬಾಡಿಗೆ ಎಂದೆಂದಿಗೂ ಬರುತ್ತಿದ್ದರೆ ಅದರ ಬೆಲೆ. 7.5 ಲಕ್ಷ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 60,000 ಬಡ್ಡಿ, ಅಸಲು ಹಾಗೇ ಉಳಿಯುತ್ತದೆ, ಅಲ್ವಾ? ಆದರೆ ಈ ರೈತರಿಗೆ ಇಪ್ಪತ್ತೊಂದನೇ ವರ್ಷದಿಂದ ಏನೂ ಬರುವುದಿಲ್ಲ. ಆ ಬಾರದ ಭಾಗ 20 ವರ್ಷ ಕಳೆದ ಮೇಲೆ ನಿಂತು ನೋಡಿದರೆ ಮತ್ತೆ 7.5 ಲಕ್ಷ. ಅದನ್ನು ಇವತ್ತಿಗೆ ಇಳಿಸಲು 1.08ರ ಇಪ್ಪತ್ತನೇ ಘಾತ, ಅಂದರೆ 4.661ರಿಂದ ಭಾಗಿಸಿ. ಸುಮಾರು 1.61 ಲಕ್ಷ. 7.5ರಿಂದ ಅದನ್ನು ಕಳೆಯಿರಿ, 5.89 ಲಕ್ಷ. ಶೈಲಜಾ ಅವರು ಕೊಟ್ಟ ಸೂತ್ರ ಮಾಡುತ್ತಿರುವುದು ಇಷ್ಟೇ: ಮುಗಿಯದ ಬಾಡಿಗೆಯಿಂದ ಬಾಲ ಕತ್ತರಿಸುವುದು. 60 ವರ್ಷದ ಗುತ್ತಿಗೆಯಾಗಿದ್ದರೆ ಬಾಲ ಬಹಳ ಚಿಕ್ಕದು, ನಿಮ್ಮ ಭಾಗಾಕಾರ ನಡೆಯುತ್ತಿತ್ತು. 20ಕ್ಕೆ ನಡೆಯುವುದಿಲ್ಲ.

ರಾಮಚಂದ್ರ ಸರ್, ನಿಮ್ಮದು ಆಯುಸ್ಸಿಗೆ ಕಟ್ಟಿದ್ದು, ಅದಕ್ಕೆ ಮರಣದ ಅಂಕಿಅಂಶ ಬೇಕು. ಇಲ್ಲಿ ವರ್ಷ ಎಷ್ಟು ಅಂತ ಪತ್ರದಲ್ಲೇ ಬರೆದಿದೆ. ಹಾಗಾಗಿ ಪಿಂಚಣಿ ಅನ್ನುವಂತಿಲ್ಲ.

ಪದಕ್ಕಿಂತ ಮುಂಚೆ ಒಂದು ಪ್ರಶ್ನೆ, ಶೈಲಜಾ ಅವರೇ. ಆ ಬಾಡಿಗೆ ವರ್ಷದ ಮೊದಲಿಗೋ ಕೊನೆಗೋ?

ಗುರುಬಸವ:
ಪದ ಕೇಳಿದರೆ ಎಲ್ಲರೂ ಲೆಕ್ಕ ಹೇಳುತ್ತಿದ್ದಾರೆ. ಭಟ್ಟರಿಗೆ ಒಂದು ಮಾತು. ‘ಬಡ್ಡಿ’ ಸಂಸ್ಕೃತದ ವೃದ್ಧಿಯಿಂದ ಬಂದದ್ದು. ಆದರೆ ಅದು ನಮ್ಮ ನಾಲಿಗೆಗೆ ಒಗ್ಗಿ ನಮ್ಮದಾಯಿತು. ನನಗೆ ಅದರ ಮೇಲೆ ಕೋಪವಿಲ್ಲ. ವರ್ಷಾಶನ ಹಾಗೆ ಒಗ್ಗಲೇ ಇಲ್ಲ.

ವೆಂಕಟರಮಣ ಭಟ್:
ಒಗ್ಗಿದ್ದರಿಂದಲೇ ಆ ಹಿರಿಯರು ಮಠ ಅಂದದ್ದು! ಪದ ಅವರಿಗೆ ಗೊತ್ತಿತ್ತು. ಅಸಲು, ಬಾಕಿ, ಜಮಾ, ವಸೂಲಿ ಅರಬ್ಬಿಯಿಂದ ಬಂದವು, ಖರ್ಚು ಪಾರ್ಸಿ. ಲೆಕ್ಕದ ಪುಸ್ತಕದಲ್ಲಿ ಅವೆಲ್ಲ ಇರಬಹುದು, ಸಂಸ್ಕೃತ ಮಾತ್ರ ಬೇಡವೋ?

ಗುರುಬಸವ:
ಬೇಡ ಅನ್ನಲಿಲ್ಲ. ಹೊಸ ಪದ ಕಟ್ಟುವಾಗ ಮೊದಲು ಮನೆಯಲ್ಲಿ ಹುಡುಕಿ ಅಂದೆ.

ಶೈಲಜಾ:
ಸುಮಂಗಲಾ ಅವರೇ, ನೀವು ಕೇಳಿದ ಮೇಲೆ ಹಿಂದಿನ ಪುಟ ತೆಗೆದು ನೋಡಿದೆ. ಮಾದರಿ ಕರಾರಿನಲ್ಲಿ “ಪ್ರತಿ ವರ್ಷದ ಆರಂಭದಲ್ಲಿ ಮುಂಗಡವಾಗಿ” ಅಂತಿದೆ. ಸೂತ್ರ ಹಾಕಿದ ಪುಟದಲ್ಲಿ ಆ ಮಾತೇ ಇಲ್ಲ.

ಸುಮಂಗಲಾ:
ಹಾಗಾದರೆ ಕೈಪಿಡಿಯ ಉತ್ತರವೇ ತಪ್ಪು. 9.818 ಅನ್ನುವುದು ಮೊದಲ ಕಂತು ಒಂದು ವರ್ಷ ಕಳೆದ ಮೇಲೆ ಬಂದರೆ. ಮೊದಲಿಗೇ ಬಂದರೆ ಎಲ್ಲ ಕಂತೂ ಒಂದೊಂದು ವರ್ಷ ಹತ್ತಿರಕ್ಕೆ ಬರುತ್ತದೆ. ಅದನ್ನು 1.08ರಿಂದ ಗುಣಿಸಿ, 10.604. ಸ್ಪ್ರೆಡ್‌ಶೀಟಿನಲ್ಲಿ ಎರಡನ್ನೂ ಹಾಕಿ ನೋಡಿ:

```
=PV(8%,20,-60000)       589089
=PV(8%,20,-60000,0,1)   636216
```

ಕೊನೆಗೆ ಇರುವ ಒಂದು 1 ಅಷ್ಟೇ ವ್ಯತ್ಯಾಸ. ಆದರೆ ಮೊದಲನೆಯದರಲ್ಲಿ 6 ಲಕ್ಷ ತೆಗೆದುಕೊಳ್ಳುವುದು ಲಾಭ, ಎರಡನೆಯದರಲ್ಲಿ ಬಾಡಿಗೆಯೇ ಲಾಭ. ಈ ಕೈಪಿಡಿ ನಂಬಿ 6 ಲಕ್ಷಕ್ಕೆ ಸಹಿ ಹಾಕಿದ ರೈತರಿಗೆ ಇವತ್ತಿನ ಬೆಲೆಯಲ್ಲಿ 36,000 ಹೋಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪದದಲ್ಲಿ ಹಣ ಯಾವಾಗ ಬರುತ್ತದೆ ಅನ್ನುವುದೂ ಇರಬೇಕು. ವರ್ಷಾಶನದಲ್ಲಿ ಅದಿಲ್ಲ, ಕಂತುಮಡಿಯಲ್ಲೂ ಇಲ್ಲ.

ಇನ್ನೊಂದು. ಬರುವ ಸಂಖ್ಯೆ ವರ್ಷದ ಲೆಕ್ಕಕ್ಕಿಂತ, ಅಂದರೆ 20ಕ್ಕಿಂತ, ಕಡಿಮೆ ಇರಲೇಬೇಕು. ಕೊನೆಗೆ ಕೊಡುವ ಕಂತಾದರೆ 1 ಭಾಗಿಸು 0.08, ಅಂದರೆ 12.5ನ್ನೂ ದಾಟಬಾರದು. ದಾಟಿದರೆ ಎಲ್ಲೋ ಕಳೆಯುವ ಚಿಹ್ನೆ ತಪ್ಪಿದೆ.

ಗುರುಬಸವ:
ಇದು ಕೆಲಸದ ಮಾತು. ‘ಮುಂಗಂತು’, ‘ಹಿಂಗಂತು’. ಮುಂಗಡ ಇದ್ದ ಹಾಗೆ.

ವೆಂಕಟರಮಣ ಭಟ್:
ಮುಂಗಂತು ಆಗಬಹುದು. ಹಿಂಗಂತು ಕಿವಿಗೆ ‘ಹೀಗಂತೂ’ ಅಂತ ಕೇಳಿಸುತ್ತದೆ. ‘ಕೊನೆಗಂತು’ ಅಂದರೆ ಕೊನೆಯ ಕಂತು ಅಂತಾಗುತ್ತದೆ, ಅದೂ ಬೇಡ.

ಮಂಜುನಾಥ:
ಪಾವಗಡದ ಸೋಲಾರ್ ಪಾರ್ಕಿನಲ್ಲಿ ಎಕರೆಗೆ 21,000 ಅಂತ ಶುರುವಾಗಿ ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರುತ್ತದೆ. ಅಲ್ಲಿಗೆ ಈ ಸೂತ್ರ ಆಗುತ್ತಾ?

ಸುಮಂಗಲಾ:
ನೇರವಾಗಿ ಆಗುವುದಿಲ್ಲ. ಕಂತು ಒಂದೇ ಸಮ ಇದ್ದರೆ ಮಾತ್ರ. ಅಲ್ಲಿಗೆ ಪಟ್ಟಿಯನ್ನೇ ಹಾಕಿ.

ಶೈಲಜಾ:
ಪ್ರಕಾಶಕರಿಗೆ ಫೋನ್ ಮಾಡಿದೆ. ಉದಾಹರಣೆ ತಿದ್ದಲು ಒಪ್ಪಿದ್ದಾರೆ. ಸದ್ಯಕ್ಕೆ “ವರ್ಷದ ಮೊದಲಿಗೆ ಬರುವ ಸಮಕಂತಿನ ಗುಣಕ: 10.604” ಅಂತ ಹಾಕುತ್ತಿದ್ದೇನೆ. ಉದ್ದವಾಯಿತು, ಆದರೆ ಅದೇ ಹಿರಿಯರಿಗೆ ಓದಿ ಹೇಳಿದಾಗ ಈ ಸಲ ಮಠ ಅನ್ನಲಿಲ್ಲ. “ಕೊನೆಗೆ ಕೊಟ್ರೆ ಎಷ್ಟು?” ಅಂತ ಕೇಳಿದರು. ಆ ಕೊನೆಯದಕ್ಕೆ ಚಿಕ್ಕ ಪದ ಇನ್ನೂ ಸಿಕ್ಕಿಲ್ಲ. ನಾಳೆ ಮಧ್ಯಾಹ್ನದವರೆಗೂ ಕಾಯುತ್ತೇನೆ.