ಅಪ್‌ಡೇಟ್: ಗ್ರಾಫ್ ಸ್ಕ್ರೀನ್‌ಶಾಟ್‌ನಿಂದ ಸಮೀಕರಣ ಸಿಕ್ಕಿತು

ನಾನು ಕೇಳಿದ್ದು: "ಗ್ರಾಫ್ x ಅಕ್ಷವನ್ನು −1ರಲ್ಲಿ ದಾಟುತ್ತದೆ, 2ರಲ್ಲಿ ಮುಟ್ಟಿ ವಾಪಸ್ ಹೋಗುತ್ತದೆ. y = (x+1)(x−2) ಹಾಕಿದರೆ ಹೊಂದುತ್ತಿಲ್ಲ. ಎಲ್ಲಿ ತಪ್ಪು?"

ಕೆಲಸ ಮಾಡಿದ್ದು "ಮುಟ್ಟಿ ತಿರುಗುವ ಕಡೆ ಅದೇ ಮೂಲ ಎರಡು ಸಲ ಬರುತ್ತದೆ" ಎಂಬ ಸಲಹೆ. ಹಾಗಾಗಿ y = a(x+1)(x−2)². ನಾನು a = 1 ಅಂತ ಸುಮ್ನೆ ಅಂದುಕೊಂಡೆ. ಆಗ x = 0ರಲ್ಲಿ y = 4 ಬಂತು, ಚಿತ್ರದಲ್ಲಿ ಇದ್ದದ್ದು 2. ಅಂದರೆ 4a = 2, a = ½.

ಸ್ಕೇಲ್ ಇಟ್ಟು ಸ್ಕ್ರೀನ್ ಮೇಲೆ ಅಳೆಯುವ ಸಲಹೆ ಕೈಕೊಟ್ಟಿತು. ಎರಡು ಅಕ್ಷಗಳ ಅಳತೆ ಬೇರೆ ಬೇರೆ ಇತ್ತು. ಅಕ್ಷದ ಮೇಲಿನ ಅಂಕಿಗಳನ್ನೇ ಓದಬೇಕು.

ತಿರುವು ಬಿಂದುಗಳನ್ನೂ ನೋಡಿದೆ. ಅವಕಲನ ಮಾಡಿದರೆ (3/2)x(x−2). ಇದು x = 0 ಮತ್ತು 2ರಲ್ಲಿ ಸೊನ್ನೆ. ಚಿತ್ರದಲ್ಲೂ ಶಿಖರ (0, 2), ತಗ್ಗು (2, 0). ಸರಿಯಾಗಿ ಕೂತಿತು!

ನನಗೆ ಗೊತ್ತೇ ಇರದಿದ್ದ ವಿಷಯ: (x−2)⁴ ಇದ್ದರೂ ಗ್ರಾಫ್ ಹಾಗೇ ಮುಟ್ಟಿ ತಿರುಗುತ್ತದೆ, ತಳ ಮಾತ್ರ ಇನ್ನೂ ಚಪ್ಪಟೆ. ಅದಕ್ಕೇ ಬಳಸದೆ ಉಳಿದ ಒಂದು ಬಿಂದುವಿನಲ್ಲಿ ಪರೀಕ್ಷಿಸಿ. x = 3ರಲ್ಲಿ ನನ್ನ ಸಮೀಕರಣ 2 ಕೊಡುತ್ತದೆ, (x−2)⁴ ಇರುವುದು x = 0ರಲ್ಲಿ 2 ಕೊಡಲು 16a = 2, ಅಂದರೆ a = ⅛ ಬೇಕು, ಆಗ x = 3ರಲ್ಲಿ ಅದು ½ ಕೊಡುತ್ತದೆ. ಚಿತ್ರದಲ್ಲಿ 2 ಇತ್ತು.