ಅಪ್‌ಡೇಟ್: ಕೆಳಮನೆಯವರಿಗೆ ಪತ್ರ ಕೊಟ್ಟೆ, ಪೈಪನ್ನು ಒಟ್ಟಿಗೇ ನೋಡಿದೆವು

ನಾನು ಕೇಳಿದ್ದು: "ನಾವು ಬಟ್ಟೆ ಒಗೆದಾಗಲೆಲ್ಲ ಕೆಳಮನೆಯ ಬಚ್ಚಲಲ್ಲಿ ನೀರು ಉಕ್ಕುತ್ತದೆ. ಪೈಪು ಇಬ್ಬರದೂ. ಜಗಳವಾಗದಂತೆ ಪತ್ರ ಬರೆಯುವುದು ಹೇಗೆ?"

ಕೊನೆಗೆ ಬರೆದದ್ದು ಇಷ್ಟು: "ಅಂಕಲ್, ನಮಸ್ಕಾರ. ಬಚ್ಚಲಿನ ನೀರಿನಿಂದ ನಿಮಗೆ ತೊಂದರೆಯಾಗುತ್ತಿರುವುದಕ್ಕೆ ಬೇಸರವಿದೆ. ಭಾನುವಾರ ಬೆಳಿಗ್ಗೆ 10ಕ್ಕೆ ಪ್ಲಂಬರ್ ಬರುತ್ತಾರೆ. ನೀವೂ ಇದ್ದರೆ ಚೇಂಬರ್ ತೆರೆದು ಒಟ್ಟಿಗೆ ನೋಡೋಣ. ಅಲ್ಲಿಯವರೆಗೆ ನಾವು ವಾಷಿಂಗ್ ಮೆಷಿನ್ ಹಾಕುವುದಿಲ್ಲ. ರಿಪೇರಿ ಖರ್ಚಿನ ಮಾತನ್ನು ಕಾರಣ ತಿಳಿದ ಮೇಲೆ ಆಡೋಣ." ಮೊದಲ ಕರಡಿನಲ್ಲಿ 'ತಪ್ಪು ನಮ್ಮದಲ್ಲ' ಎಂದಿತ್ತು. ಹೊಡೆದುಹಾಕಿದ್ದೆ, ಸದ್ಯ!

ಮೇಲಿನಿಂದ ಅರಿಶಿನ ಕದಡಿದ ನೀರನ್ನು ಎರಡು ಬಕೆಟ್ ಸುರಿದೆವು. ಅಂಕಲ್ ಮನೆಯ ಬಚ್ಚಲ ಜಾಲರಿಯಿಂದ ಹಳದಿ ನೀರು ಬುಳುಬುಳು ಎದ್ದಿತು. ಅಂಗಳದ ಚೇಂಬರಿಗೆ ಮಾತ್ರ ತೊಟ್ಟಿಕ್ಕಿತಷ್ಟೇ. ಅಂದರೆ ಎರಡೂ ಮನೆಯ ನೀರು ಸೇರಿದ ಮೇಲೆ, ಚೇಂಬರಿಗಿಂತ ಮೊದಲು ಎಲ್ಲೋ ಕಟ್ಟಿಕೊಂಡಿದೆ. ಚೇಂಬರೂ ತುಂಬಿ ನಿಂತಿದ್ದರೆ ಬೀದಿಯ ಕಡೆ ಹುಡುಕಬೇಕಿತ್ತು.

ಚೇಂಬರಿನಿಂದ ಕಂಬಿ ತೂರಿಸಿ ಎಳೆದಾಗ ಕೂದಲು, ಸೋಪಿನ ಜಿಡ್ಡು, ಜೊತೆಗೆ ಒಂದು ಪುಟ್ಟ ಕಾಲುಚೀಲ ಬಂತು. ಅಂಕಲ್ ಮನೆಯಲ್ಲಿ ಮಕ್ಕಳಿಲ್ಲ. ಖರ್ಚು ಪೂರ್ತಿ ನಾನೇ ಕೊಟ್ಟೆ.